ಅಕ್ಕನ ದನಿ ಇದ್ದ ಫೋನು

ಅಪ್‌ಡೇಟ್ ಹಾಕಿದಾಗಿನಿಂದ ಟೀಚರಮ್ಮನ ಫೋನು ಕಂಪನಿಯ ಗುರುತು ತೋರಿಸಿ ಆರುತ್ತಿತ್ತು, ಮತ್ತೆ ಅದನ್ನೇ ತೋರಿಸುತ್ತಿತ್ತು. ತೀರಿಕೊಂಡ ಅಕ್ಕನ ಧ್ವನಿ ಸಂದೇಶಗಳೆಲ್ಲ ಅದರಲ್ಲಿದ್ದವು. ಅವನ್ನು ಟೀಚರಮ್ಮ ಬೇರೆಲ್ಲೂ ಉಳಿಸಿರಲಿಲ್ಲ.

"ಎಲ್ಲ ಅಳಿಸಿದ್ರೆ ಸರಿಹೋಗುತ್ತೆ ಅಂದ್ರು ಮೊದ್ಲು ತೋರಿಸಿದ ಅಂಗಡಿಯವ್ರು."

"ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗೆ, ಅಮ್ಮ," ಎಂದ ರಿಪೇರಿಯವನು.

ಗುಂಡಿಗಳನ್ನು ಒತ್ತಿ ಹಿಡಿದು ಕೆಟ್ಟ ಫೋನು ಸರಿಪಡಿಸುವ ರಿಕವರಿ ಮೋಡ್ ತೆರೆದ. ಹಿಂದೊಮ್ಮೆ ಕೈತಪ್ಪಿ ಯಾರದೋ ಫೋಟೋಗಳನ್ನೆಲ್ಲ ಕಳೆದಿದ್ದವನು, ತೆರೆಯಲ್ಲಿ ಎಲ್ಲವನ್ನೂ ಅಳಿಸುವ ಸಾಲಿನ ಮೇಲೆ ಟೇಪು ಅಂಟಿಸಿಕೊಂಡು, ಫೋನು ತಾತ್ಕಾಲಿಕವಾಗಿ ಕೂಡಿಟ್ಟುಕೊಳ್ಳುವ ಕ್ಯಾಶ್ ಮಾತ್ರ ಅಳಿಸಿದ. ಆದರೂ ಫೋನು ಗುರುತು ತೋರಿಸಿ ಆರುತ್ತಲೇ ಇತ್ತು. ಕೊನೆಗೆ, ಹಾಕಿಕೊಂಡ ಆ್ಯಪ್‌ಗಳನ್ನೆಲ್ಲ ಮಲಗಿಸಿಡುವ ಸೇಫ್ ಮೋಡಿನಲ್ಲಿ ಎದ್ದಿತು. ಹೊಸ ಅಪ್‌ಡೇಟಿಗೆ ಒಗ್ಗದ, ತೆರೆಯ ಅಂದ ಬದಲಿಸುವ ಥೀಮ್ ಆ್ಯಪ್ ಕಿತ್ತುಹಾಕಿ, ಮತ್ತೆ ಆನ್ ಮಾಡಿಕೊಟ್ಟ.

ಟೀಚರಮ್ಮ ಕೊನೆಯ ಸಂದೇಶ ಒತ್ತಿದರು. ಅವನು ಸದ್ದು ಮಾಡುತ್ತಿದ್ದ ಫ್ಯಾನು ಆರಿಸಿದ.

"ಊಟ ಆಯ್ತೇನೇ?" ಎಂದಳು ಅಕ್ಕ.

"ಇನ್ನೂ ಇಲ್ಲ ಕಣೇ," ಎಂದು ಟೀಚರಮ್ಮ ಮುಂದಿನ ಮಾತಿಗೆ ಕಾದರು.