ಮಾವನ ನಲವತ್ತು ಚೀಲ ಮಣ್ಣು

ಮಾವ ಮೆಟ್ಟಿಲು ಹತ್ತುವ ವ್ಯಾಯಾಮ ಶುರು ಮಾಡಿದಾಗ ಮನೆಮಂದಿಯೆಲ್ಲ ಮೆಚ್ಚಿಕೊಂಡೆವು. ದಿನಕ್ಕೆ ಎರಡು ಸಲ, ಕೈಯಲ್ಲೊಂದು ತರಕಾರಿ ಚೀಲ. ಚೀಲ ಯಾಕೆ ಅಂದರೆ, "ಭಾರ ಹೊತ್ರೆ ಮೂಳೆ ಗಟ್ಟಿಯಾಗತ್ತಂತಮ್ಮ" ಅನ್ನುತ್ತಿದ್ದರು. ನಾನು ತಾರಸಿ ತೋಟ ಹಾಕುವ ಕಸುಬಿನವಳು. ಚೀಲದಲ್ಲಿ ಏನಿದೆಯೆಂದು ಮೊದಲು ನನ್ನ ಮೂಗಿಗೆ ಬಡಿಯಬೇಕಿತ್ತು. ಬಡಿಯಲಿಲ್ಲ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ತೋಟ ಅತ್ತೆಗಾಗಿ. ಮೊಣಕಾಲು ಕೈಕೊಟ್ಟ ಮೇಲೆ ಅವರು ಎಂಟು ತಿಂಗಳಿಂದ ಮಹಡಿ ಇಳಿದಿರಲಿಲ್ಲ. ಅವರ ಕೋಣೆಯ ಬಾಗಿಲು ತೆರೆದರೆ ತಾರಸಿ; ಅದರ ಕೆಳಗೆ ನಮ್ಮ ಹಜಾರ. "ಸಾಯೋದ್ರೊಳಗೆ ಒಂದ್ಸಲ ಬರಿಗಾಲಲ್ಲಿ ಹುಲ್ಲು ತುಳೀಬೇಕು ಕಣೇ" ಅಂತ ಅತ್ತೆ ಅಂದದ್ದೇ ತಡ, ನಾನು ಅಳತೆ ಟೇಪು ಹಿಡಿದು ಹೊರಟೆ.

ಅಡ್ಡ ನಿಂತವರು ಚಿಕ್ಕತ್ತೆ. ಅತ್ತೆಯ ತಂಗಿ, ಕಟ್ಟಡಗಳ ಬಲ ಲೆಕ್ಕ ಹಾಕುವ ಎಂಜಿನಿಯರು. ಮಾತು ಮಾತಿಗೆ ಬೇಡ ಅನ್ನುವುದರಿಂದ ಮನೆಯಲ್ಲಿ ಅವರಿಗೆ ಬೇಡಮ್ಮ ಅಂತಲೇ ಹೆಸರು. ಸ್ಲ್ಯಾಬಿನ ಒಳಗಿನ ಕಬ್ಬಿಣವನ್ನು ಯಂತ್ರ ಹಿಡಿದು ಹುಡುಕಿದರು, ತೊಲೆ ಅಳೆದರು, ಮೂರು ದಿನ ಕೂತು ಲೆಕ್ಕ ಹಾಕಿದರು. ಆಮೇಲೆ ಹೇಳಿದರು: "ಮೇಲಿರೋ ಹಳೇ ಇಟ್ಟಿಗೆಚೂರಿನ ಗಾರೆ ಪೂರ್ತಿ ಕಿತ್ತು ಹಾಕು. ಆಗ ಚದರ ಮೀಟರಿಗೆ ನೂರ ಮೂವತ್ತು ಕೆಜಿ ತೋಟ ಬಿಡ್ತೀನಿ. ಅದೂ ನೀರು ಕುಡಿದು ಪೂರ್ತಿ ನೆನೆದಾಗಿನ ತೂಕ, ಒಣಗಿದ್ದಲ್ಲ. ಜನ ಒಂದೇ ಸಲಕ್ಕೆ ಎಂಟು. ಒಂದು ಕೆಜಿ ಮೀರಿದ್ರೂ ಎಲ್ಲಾ ತೆಗೆಸ್ತೀನಿ, ನಮ್ಮಕ್ಕ ಅಂತ ನೋಡಲ್ಲ."

ಗಾರೆ ಕಿತ್ತೆವು. ನೀರು ಸೋರದ ಹಾಳೆ ಹಾಕಿ, ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಹಜಾರದಲ್ಲಿ ಅಂಗಾತ ಮಲಗಿ ಸೂರು ನೋಡಿದೆ. ಒಂದು ಹನಿಯಿಲ್ಲ. ಅದರ ಮೇಲೆ ಬೇರು ತಡೆಯುವ ಹಾಳೆ. ಅಂಚುಗಳನ್ನು ಬಿಸಿಯಿಂದ ಬೆಸೆದು ಗೋಡೆಗುಂಟ ಮೇಲಕ್ಕೆ ಮಡಚಿದ್ದು. "ಹುಲ್ಲಿಗೆ ಇಷ್ಟು ರಾಜೋಪಚಾರನಾ?" ಅಂದರು ಮಾವ. ಹುಲ್ಲಿಗಲ್ಲ, ಹಕ್ಕಿ ಉದುರಿಸಿ ಹೋಗುವ ಆಲದ ಬೀಜಕ್ಕೆ ಅಂದೆ. ಆಮೇಲೆ ಮೆತ್ತನೆಯ ಚಾಪೆ, ನೀರು ಹರಿಯಲು ಬಟ್ಟಲು ಬಟ್ಟಲಾಗಿರುವ ಪ್ಲಾಸ್ಟಿಕ್ ಹಲಗೆ, ಮಣ್ಣು ಕೆಳಗಿಳಿಯದಂತೆ ಸೋಸುವ ಬಟ್ಟೆ. ಕೊನೆಗೆ ಮಣ್ಣು, ಅಂದರೆ ಹಗುರ ಕಲ್ಲಿನ ಪುಡಿ, ತೆಂಗಿನ ನಾರಿನ ಪುಡಿ, ಗೊಬ್ಬರ, ನಾಲ್ಕಂಗುಲ ದಪ್ಪ. ಎಲ್ಲ ಪದರ ಜೋಡಿಸಿದ ಒಂದಡಿ ಚೌಕದ ಡಬ್ಬಿಯನ್ನು ನೆನೆಸಿ, ಮೈತೂಕ ನೋಡುವ ಯಂತ್ರದ ಮೇಲಿಟ್ಟು ಲೆಕ್ಕ ಹಾಕಿದರೆ ಚದರ ಮೀಟರಿಗೆ ನೂರಿಪ್ಪತ್ತೆರಡು ಕೆಜಿ. ಬೇಡಮ್ಮನ ಬಾಯಿಂದ ಜನ್ಮದಲ್ಲಿ ಮೊದಲ ಸಲ "ಆಗಬಹುದು" ಬಂತು.

ಮಾವ ಮಾತ್ರ ಆ ಮಿಶ್ರಣವನ್ನು ಬೆರಳಲ್ಲಿ ಉಜ್ಜಿ ನೋಡಿ ಮುಖ ಸಿಂಡರಿಸಿದ್ದರು. "ಇದು ಮಣ್ಣೇನಮ್ಮಾ? ಊದಿದ್ರೆ ಹಾರಿಹೋಗತ್ತೆ." ಹುಲ್ಲುಹಾಸು ಬರಲು ಮೂರು ವಾರವಿತ್ತು. ಅಲ್ಲಿಯವರೆಗೆ ಟಾರ್ಪಾಲು ಹೊದಿಸಿದ ತೋಟವನ್ನು ಬೆಕ್ಕು ಕೆದರದಂತೆ ಕಾಯುವ ಕೆಲಸ ಅವರೇ ಕೇಳಿ ಪಡೆದರು.

ಅತ್ತೆ ಮಾವಂದಿರ ಮದುವೆಯಾಗಿ ನಲವತ್ತು ವರ್ಷ ತುಂಬುವ ದಿನಕ್ಕೆ ಸರಿಯಾಗಿ, ಹಿಂದಿನ ದಿನ ಹುಲ್ಲು ಹಾಸಿದೆ. ಮರುದಿನ ಮಧ್ಯಾಹ್ನ ಮೂವತ್ತು ಜನ ನೆಂಟರು ಹಜಾರದಲ್ಲಿ ಸೇರಿದರು. ಎಂಟೆಂಟು ಜನ ಮೇಲೆ ಹೋಗುವುದು, ಮೊದಲ ಹೆಜ್ಜೆ ಅತ್ತೆಯದು ಅಂತ ಮಾತಾಗಿತ್ತು. ಅಷ್ಟರಲ್ಲಿ ಮಳೆ ಧೋ ಅಂತ ಸುರಿಯಿತು. ನನಗೆ ಖುಷಿ. ನನ್ನ ತೋಟ ನೀರು ಬಸಿಯುವುದನ್ನು ನಾಲ್ಕು ಜನ ನೋಡಲಿ ಅಂತ ನೆಂಟರನ್ನು ಅಂಗಳದ ಕೊಳವೆಯ ಬಾಯಿಗೆ ಕರೆದುಕೊಂಡು ಹೋದೆ.

ಕೊಳವೆಯಲ್ಲಿ ಕೆಂಪು ನೀರು ಬರುತ್ತಿತ್ತು. ನನ್ನ ಮಿಶ್ರಣದಲ್ಲಿ ಕೆಂಪು ಅನ್ನುವುದೇ ಇಲ್ಲ. ನೋಡುತ್ತಿದ್ದ ಹಾಗೇ ಧಾರೆ ದಾರವಾಯಿತು, ದಾರ ಹನಿಯಾಯಿತು. ಮಳೆ ಮಾತ್ರ ಹಾಗೇ ಇತ್ತು. ಓಡಿಹೋಗಿ ನೋಡಿದರೆ ತಾರಸಿಯ ಮೂಲೆಯಲ್ಲಿ ಹುಲ್ಲಿನ ಮೇಲೆ ನೀರು ನಿಂತಿದೆ. ಹಾಸಿನ ತುದಿ ಎತ್ತಿದೆ. ಮೇಲೆ ತೋರಿಕೆಗೆ ನನ್ನ ಮಿಶ್ರಣದ ತೆಳು ಪದರ, ಹಾಸುವಾಗ ನಾನು ಕಂಡದ್ದು ಅಷ್ಟೇ; ಅದರಡಿಯಲ್ಲಿ ಜೇಡಿಯಂಥ ಕೆಮ್ಮಣ್ಣು. ಅದರ ನುಣ್ಣನೆಯ ಕೆಸರು ಇಳಿದು ಸೋಸುವ ಬಟ್ಟೆಯ ಕಣ್ಣೆಲ್ಲ ಮುಚ್ಚಿಕೊಂಡಿತ್ತು.

ನಾನು ತಿರುಗಿದೆ. ಬಾಗಿಲಲ್ಲಿ ಮಾವ ನಿಂತಿದ್ದರು.

"ದಿನಕ್ಕೆ ಎರಡೇ ಚೀಲಮ್ಮ," ಅಂದರು.

"ಎಷ್ಟು ದಿನ ಭಾವಾ?" ಅವರ ಬೆನ್ನ ಹಿಂದಿನಿಂದ ಚಿಕ್ಕತ್ತೆ ಕೇಳಿದರು.

"ಇಪ್ಪತ್ತು."

ಚಿಕ್ಕತ್ತೆ ಕಣ್ಣು ಮುಚ್ಚಿ ಲೆಕ್ಕ ಹಾಕಿದರು. "ನೆನೆದ ಕೆಮ್ಮಣ್ಣು ಮೀಟರಿಗೆ ನಲವತ್ತು ಕೆಜಿ. ಒಟ್ಟು ನೂರ ಅರವತ್ತರ ಮೇಲೆ, ನಿಂತ ನೀರು ಬೇರೆ. ಹಜಾರದಲ್ಲಿ ಒಂದು ನರಪಿಳ್ಳೆ ಇರಬಾರದು." ಕೆಳಗಿಳಿದು ಇಡೀ ಬಳಗವನ್ನು ಕೋಳಿ ಅಟ್ಟಿದಂತೆ ಜಗುಲಿಗೆ ಅಟ್ಟಿದರು. ಕೇಕನ್ನೂ ಬಿಡಲಿಲ್ಲ.

"ಇವತ್ತೇ ಎಲ್ಲಾ ಕಿತ್ತು ಹಾಕಿ," ಅಂದರು ಮೇಲೆ ಬಂದು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅತ್ತೆ, ಹೊಸ ಸೀರೆ, ಬರಿಗಾಲು. ಕಾಲನ್ನು ಮೆಲ್ಲಗೆ ಕುರ್ಚಿಯಡಿಗೆ ಎಳೆದುಕೊಂಡರು. ನನಗೆ ಅಳು ಬಂತು.

"ಎಲ್ಲಾ ಬೇಡ ಚಿಕ್ಕತ್ತೆ. ಹಾಸು ಇನ್ನೂ ಬೇರು ಬಿಟ್ಟಿಲ್ಲ, ಸುರುಳಿ ಸುತ್ತಬಹುದು. ಕೆಮ್ಮಣ್ಣು ಮೇಲ್ಗಡೆನೇ ಇದೆ, ಅಷ್ಟನ್ನೇ ಕೆರೆದು ತೆಗೀತೀನಿ. ನನ್ನ ವ್ಯಾನಲ್ಲಿ ಸೋಸೋ ಬಟ್ಟೆ ಉಳಿದಿದೆ. ಆಮೇಲೆ ತೂಗಿ ನೋಡಿ. ಮೀರಿದ್ರೆ ನಾನೇ ಕೀಳ್ತೀನಿ."

ಅವರು ಅಕ್ಕನ ಕಾಲು ನೋಡಿದರು. "ಮೇಲೆ ನಾಲ್ಕೇ ಜನ. ಗೋಡೆ ಪಕ್ಕ ನಿಲ್ಲಬೇಕು. ಗುದ್ದಲಿ ಸಲಿಕೆ ಮುಟ್ಟಬಾರದು, ಬೇರು ತಡೆಯೋ ಹಾಳೆ ಹರಿದ್ರೆ ಸೂರೇ ಸೋರತ್ತೆ."

ಮೊದಲು ನೀರು ಹೊರಹೋಗುವ ಬಾಯಿಯ ಸುತ್ತ ಸೋಸುವ ಬಟ್ಟೆ ಎತ್ತಿದೆ. ನಿಂತ ನೀರು ಗುಳುಗುಳು ಅಂತ ಇಳಿದು ಹೋಯಿತು. ಆಮೇಲೆ ಶುರುವಾಯಿತು ನೋಡಿ ನಮ್ಮ ವಾರ್ಷಿಕೋತ್ಸವ. ಗುದ್ದಲಿ ಇಲ್ಲದ್ದಕ್ಕೆ ಪ್ಲಾಸ್ಟಿಕ್ ಮೊರ, ಬಚ್ಚಲ ಮಗ್ಗು, ಐಸ್‌ಕ್ರೀಮ್ ಡಬ್ಬಿ. ಹೊರಗಿನ ಮೆಟ್ಟಿಲಲ್ಲಿ ನೆಂಟರ ಸಾಲು. ಕೈಯಿಂದ ಕೈಗೆ ಬಕೆಟ್ಟು. ರೇಷ್ಮೆ ಸೆರಗುಗಳು ಸೊಂಟ ಸೇರಿದವು. ಯಾರೋ ಹಾಡು ಎತ್ತಿದರು, ಬಕೆಟ್ಟು ತಾಳಕ್ಕೆ ಇಳಿಯತೊಡಗಿತು. ನನ್ನ ನಾದಿನಿ ಜಾರಿ ಕೂತವಳು ಏಳಲಾರದಷ್ಟು ನಕ್ಕಳು. ಹೊತ್ತು ತಂದ ಮಣ್ಣನ್ನೇ ಕೆಳಗಿಳಿಸುತ್ತಿದ್ದ ಮಾವನನ್ನು ಎಲ್ಲರೂ ಸಿಕ್ಕಾಪಟ್ಟೆ ಗೋಳು ಹೊಯ್ದುಕೊಂಡರು. "ಭಾವನ ಮೂಳೆ ಈಗ ಉಕ್ಕು" ಅಂದರು ಚಿಕ್ಕತ್ತೆ, ಮೊಣಕೈವರೆಗೆ ಕೆಂಪಾಗಿ.

"ಆ ಪುಡಿಯಲ್ಲಿ ಹುಲ್ಲು ಸತ್ತುಹೋದ್ರೆ ಇವಳು ಮತ್ತೆ ಕಿಟಕೀಲೇ ಕೂತ್ಕೋತಾಳೆ ಅನ್ನಿಸ್ತಮ್ಮ," ಅಂದರು ಮಾವ, ನನಗಷ್ಟೇ ಕೇಳುವಂತೆ. ಬೈಯಬೇಕೆಂದಿದ್ದ ನಾನು ಅವರ ಕೈಗೆ ಇನ್ನೊಂದು ಬಕೆಟ್ಟು ಕೊಟ್ಟೆ.

ಮಳೆ ನಿಂತಿತು. ಕಟ್ಟಿಕೊಂಡಿದ್ದ ಬಟ್ಟೆ ತೆಗೆದು ಹೊಸದು ಹಾಸಿ, ಹಗುರ ಮಣ್ಣು ಸಮ ಮಾಡಿ, ಹುಲ್ಲಿನ ಸುರುಳಿ ಬಿಚ್ಚಿದೆವು. ಪೈಪು ಹಿಡಿದು ನೀರು ಬಿಟ್ಟೆವು. ಅಂಗಳದ ಕೊಳವೆಯಲ್ಲಿ ಸ್ವಲ್ಪ ಹೊತ್ತಿಗೆ ತಿಳಿಯಾದ ನೀರು. ಚಿಕ್ಕತ್ತೆ ತಾವೇ ಒಂದಡಿ ಚೌಕ, ಹುಲ್ಲಿನಿಂದ ಹಲಗೆಯವರೆಗೆ ಎತ್ತಿ ತೂಗಿದರು. ಹನ್ನೊಂದೂವರೆ ಕೆಜಿ. ತುಟಿ ಅಲ್ಲಾಡಿತು. "ಮೀಟರಿಗೆ ನೂರಿಪ್ಪತ್ನಾಲ್ಕು. ಅಕ್ಕಾ, ಬಾ."

ಅತ್ತೆ ನನ್ನ ಭುಜ ಹಿಡಿದು ಹೊಸಿಲು ದಾಟಿದರು. ಒದ್ದೆ ಹುಲ್ಲಿನ ಮೇಲೆ ಒಂದು ಪಾದ, ಮತ್ತೊಂದು ಪಾದ. ಬೆರಳು ಬಿಡಿಸಿ, ಮಡಚಿ, ಮತ್ತೆ ಬಿಡಿಸಿದರು. ಆಮೇಲೆ ಪುಟ್ಟ ಹುಡುಗಿಯಂತೆ ಕಿಲಕಿಲ ನಕ್ಕರು. ಅಷ್ಟು ವರ್ಷದಲ್ಲಿ ನಾನು ಆ ನಗು ಕೇಳಿರಲಿಲ್ಲ.

"ಇನ್ನೂ ಆರು ಜನ ಬರಬಹುದು," ಅಂದರು ಚಿಕ್ಕತ್ತೆ. ಯಾರೂ ಕದಲಲಿಲ್ಲ. ಅತ್ತೆ ತಿರುಗಿ ನೋಡದೆ ಹಿಂದಕ್ಕೆ ಕೈ ಚಾಚಿದರು.

"ಬನ್ರೀ," ಅಂದರು.

ಮಾವ ಚಪ್ಪಲಿ ಕಳಚಿದರು. ಬಾಗಿಲಿಗೆ ಅಡ್ಡಲಾಗಿ ಚಿಕ್ಕತ್ತೆ ನಿಂತಿದ್ದರು. ಮಾವ ಎರಡೂ ಜೇಬು ಹೊರಗೆಳೆದು ತೋರಿಸಿ, ಒಂದು ಹೆಂಟೆ ಕೆಮ್ಮಣ್ಣನ್ನು ಅವರ ಅಂಗೈಗೆ ಒಪ್ಪಿಸಿ, ಹುಲ್ಲಿನ ಮೇಲೆ ಕಾಲಿಟ್ಟರು.