ಪುಲು ಅಜ್ಜನ ಮೂವತ್ತಾರು ಸೆಕೆಂಡು

ಸೇಲಾ ಕೆಟ್ಟವಳಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅವಳನ್ನು ಬೈಯಲು ನಿಮಗೆ ಬೇಕಾದಷ್ಟು ಅವಕಾಶ ಸಿಗುತ್ತದೆ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೆದು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ನಿಯುವೆಯಲ್ಲಿ ಅವಳ ಊರಿನವರು ಹಿರಿಯರ ಮಾತುಗಳನ್ನು ಚಿತ್ರೀಕರಿಸಿ ಇಟ್ಟುಕೊಳ್ಳಬೇಕೆಂದು ನಿರ್ಧರಿಸಿದಾಗ, ಕಂಪ್ಯೂಟರ್ ಬಲ್ಲವಳೆಂದು ಎಲ್ಲರೂ ತೋರಿಸಿದ್ದು ಅವಳನ್ನೇ. ಎರಡು ವರ್ಷದಲ್ಲಿ ಅರವತ್ತೆರಡು ಜನ ಅವಳ ಕ್ಯಾಮೆರಾ ಮುಂದೆ ಕೂತು ಮನಸ್ಸು ಬಿಚ್ಚಿ ಮಾತಾಡಿದ್ದರು.

ಮನಸ್ಸು ಬಿಚ್ಚಿದವರು ಎಲ್ಲವನ್ನೂ ಊರಿಗೆ ಹೇಳಬೇಕೆಂದೇನೂ ಇಲ್ಲವಲ್ಲ! "ಇಲ್ಲಿಂದ ಇಲ್ಲಿಗೆ ಮಾತ್ರ ತೋರಿಸು, ಉಳಿದದ್ದು ಬೇಡ" ಎಂದು ಒಬ್ಬೊಬ್ಬರೂ ಹೇಳಿಯೇ ಎದ್ದಿದ್ದರು. ಸೇಲಾ ಎಲ್ಲರಿಗೂ ಮಾತು ಕೊಟ್ಟಿದ್ದಳು. ಪುಲು ಅಜ್ಜನಿಗಂತೂ ಅವನ ಒರಟು ಕೈ ಹಿಡಿದು ಕೊಟ್ಟಿದ್ದಳು.

ಎಲ್ಲಿಂದ ಎಲ್ಲಿಗೆ ಎಂದು ಗುರುತು ಹಾಕಿದವಳು ಸೇಲಾಳ ದೊಡ್ಡಮ್ಮ ಲುಪೆ. ಎಪ್ಪತ್ತೊಂದು ವರ್ಷ, ದಪ್ಪ ಕನ್ನಡಕ. ಮೂರು ತಿಂಗಳು ಹೆಡ್‌ಫೋನ್ ಹಾಕಿಕೊಂಡು ಒಂದೊಂದನ್ನೂ ಕೂತು ಕೇಳಿ, ನೋಟುಪುಸ್ತಕದಲ್ಲಿ ಮುತ್ತು ಪೋಣಿಸಿದಂತೆ ಬರೆದಿದ್ದಳು: ಫೈಲಿನ ಹೆಸರು, ಶುರುವಾಗುವ ಹೊತ್ತು, ಮುಗಿಯುವ ಹೊತ್ತು. ನಿಮಿಷ, ಚುಕ್ಕೆ, ಸೆಕೆಂಡು. ಪುಲು ಅಜ್ಜನ ಸಾಲಿನಲ್ಲಿ 6.40ರಿಂದ 9.15ರವರೆಗೆ ಎಂದಿತ್ತು.

ಊರಹಬ್ಬಕ್ಕೆ ಎರಡು ದಿನ ಉಳಿದಿದ್ದಾಗ ಸೇಲಾ ಆ ಸಾಲುಗಳನ್ನೆಲ್ಲ ಸ್ಪ್ರೆಡ್‌ಶೀಟಿಗೆ ಹೊಡೆದಳು. ದೊಡ್ಡಮ್ಮ ಬರೆದಂತೆಯೇ, ಚುಕ್ಕೆ ಸಮೇತ. ಆಮೇಲೆ ಆ ಪಟ್ಟಿಯನ್ನು ಸಾಲುಸಾಲಾಗಿ ಓದಿ, ಚುಕ್ಕೆ ಇದ್ದಲ್ಲಿ ಗಡಿಯಾರದ ಹೊತ್ತಿನಂತೆ ಒಂದರ ಮೇಲೊಂದು ಎರಡು ಚುಕ್ಕೆ ಹಾಕಿ, ಆ ಹೊತ್ತಿನಿಂದ ಈ ಹೊತ್ತಿಗೆ ಕತ್ತರಿಸು ಎಂದು ವಿಡಿಯೋ ತಂತ್ರಾಂಶಕ್ಕೆ ಹೇಳುವ ನಾಲ್ಕು ಸಾಲಿನ ಆದೇಶ ಬರೆದಳು. ಮೂಲ ಫೈಲುಗಳು ಇದ್ದಲ್ಲೇ ಇರಬೇಕು, ಕತ್ತರಿಸಿದ್ದು ಬೇರೆ ಫೋಲ್ಡರಿಗೆ ಹೋಗಬೇಕು. ಅದರಲ್ಲೆಲ್ಲ ಅವಳು ಜಾಣೆ. ಗುಂಡಿ ಒತ್ತಿ, ತೆಂಗಿನಕಾಯಿ ತುರಿಯಲು ಹೋದಳು. ವಾಪಸು ಬರುವಷ್ಟರಲ್ಲಿ ಅರವತ್ತು ತುಣುಕು ಸಿದ್ಧವಾಗಿದ್ದವು.

ಎರಡು ಆಗಿರಲಿಲ್ಲ. ಮುಗಿಯುವ ಹೊತ್ತು ಶುರುವಿಗಿಂತ ಹಿಂದಿದೆ ಎಂದು ತಂತ್ರಾಂಶ ಗೊಣಗಿತ್ತು. "ಇದರದ್ದೊಂದು ರಗಳೆ" ಎಂದುಕೊಂಡು ಸೇಲಾ ಆ ಎರಡನ್ನೂ ಕೈಯಾರೆ ಕತ್ತರಿಸಿದಳು. ಯಾಕೆ ಹಾಗಾಯಿತೆಂದು ನೋಡಲಿಲ್ಲ. ಅಯ್ಯೋ, ಅಲ್ಲೊಂದು ನಿಮಿಷ ನಿಂತಿದ್ದರೆ!

ಮೊದಲ ಐದು ತುಣುಕು ಹಾಕಿ ನೋಡಿದಳು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಅಷ್ಟರಲ್ಲಿ ಲುಪೆ ದೊಡ್ಡಮ್ಮ ಬಾಗಿಲಲ್ಲಿ ಇಣುಕಿದಳು.

"ಎಲ್ಲಾನೂ ಕೇಳಿದ್ಯೇನೇ?"

"ಕೇಳ್ದೆ ದೊಡ್ಡಮ್ಮ."

"ಅರವತ್ತೆರಡೂ?"

"ಹೂಂ ಅಂದ್ನಲ್ಲ! ನೀನೊಬ್ಬಳು, ಪೊಲೀಸಿನವರ ಥರ."

ಲುಪೆ ನಕ್ಕು ಹೊರಟುಹೋದಳು. ಸೇಲಾಳಿಗೆ ಆಗಲೇ ಸ್ವಲ್ಪ ಚುಚ್ಚಿತು. ಆದರೆ ಹಬ್ಬದ ಅಡುಗೆ ಬಾಕಿ ಇತ್ತು, ಆಕ್ಲೆಂಡಿನಿಂದ ನೆಂಟರ ದಂಡು ಇಳಿದಿತ್ತು, ತಾರೋ ಗೆಡ್ಡೆ ಸುಲಿಯುವವರಿರಲಿಲ್ಲ. ಚುಚ್ಚಿದ್ದನ್ನು ಒರೆಸಿ ಹಾಕಿ ಒಲೆ ಕಡೆ ಹೋದಳು.

ಶನಿವಾರ ಮಧ್ಯಾಹ್ನ, ಉಂಡವರೆಲ್ಲ ಬೀಸಣಿಗೆ ಹಿಡಿದು ಊರ ಸಭಾಂಗಣದಲ್ಲಿ ಕೂತರು. ಗೋಡೆಯ ಬಿಳಿ ಬಟ್ಟೆಯ ಮೇಲೆ ಒಬ್ಬೊಬ್ಬರಾಗಿ ಹಿರಿಯರು ಮೂಡಿದರು. ಒಬ್ಬಳ ಹಾಡು ಅರ್ಧಕ್ಕೇ ನಿಂತಿತು. "ಉಸಿರು ಕಟ್ಟಿತೇನೋ ಮುದುಕಿಗೆ!" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಸೇಲಾಳೂ ನಕ್ಕಳು.

ಆಮೇಲೆ ಪುಲು ಅಜ್ಜ ಬಂದ. ಬಟ್ಟೆಯ ಮೇಲಿನ ಅಜ್ಜ ಮೀನಿನ ಗಾಳ ಕಟ್ಟುವುದನ್ನು ಹೇಳಬೇಕಿತ್ತು. ಅವನು ತಲೆ ತಗ್ಗಿಸಿ ಕೂತಿದ್ದ.

"ಆ ದಿನ ಕಡಲು ಕೆಟ್ಟಿತ್ತು. ನನ್ನ ತಮ್ಮ ಇಯೋನಾ ಒಲ್ಲೆ ಅಂದ. ಹೆಂಡ್ತಿ ಮಗ್ಗುಲಲ್ಲೇ ಬಿದ್ದಿರು ಹೇಡಿ, ಅಂತ ನಾನೇ ಹಂಗಿಸ್ದೆ. ಆ ಮಾತಿಗೇ ದೋಣಿ ಇಳಿಸ್ದ. ಮತ್ತೆ ಬರ್ಲಿಲ್ಲ. ಫೀಲಿಗೆ ಇವತ್ತಿಗೂ ಗೊತ್ತಿಲ್ಲ, ಅವನೇ ಹಟ ಮಾಡಿ ಹೋದ ಅಂತ್ಲೇ ಹೇಳಿದೀನಿ..."

ಇಯೋನಾನ ಹೆಂಡತಿ ಫೀಲಿ ಮೊದಲ ಸಾಲಿನಲ್ಲೇ ಇದ್ದಳು. ನಲವತ್ತು ವರ್ಷದಿಂದ ವಿಧವೆ. ಅವಳ ಬೀಸಣಿಗೆ ನಿಂತಿತು.

ಸೇಲಾ ಓಡಿಹೋಗಿ ತಂತಿ ಕೀಳುವ ಹೊತ್ತಿಗೆ ಬಟ್ಟೆಯ ಮೇಲಿನ ಅಜ್ಜ ಕೊನೆಯ ಮಾತನ್ನೂ ಆಡಿ ಮುಗಿಸಿದ್ದ.

"ಇಷ್ಟನ್ನ ತೆಗೆದುಬಿಡು ಮಗಳೇ. ಯಾರೂ ಕೇಳಬಾರ್ದು."

ಇಡೀ ಊರು ಕೇಳಿತು. ಹಿಂದಿನ ಸಾಲಿನಲ್ಲಿದ್ದ ಪುಲು ಅಜ್ಜ ಎದ್ದ, ಟೋಪಿಗಾಗಿ ತಡಕಾಡಿದ, ಸಿಗಲಿಲ್ಲ, ಬರಿದಲೆಯಲ್ಲೇ ಬಿಸಿಲಿಗೆ ಇಳಿದು ಹೋದ.

"ಯಾರ ಕೆಲಸ ಇದು?" ಊರ ಸಮಿತಿಯ ಯಜಮಾನ ಗುಡುಗಿದ. "ಗುರುತು ಹಾಕಿದ್ದು ಯಾರು?"

ಲುಪೆ ದೊಡ್ಡಮ್ಮ ಕುರ್ಚಿ ಹಿಡಿದು ಎದ್ದಳು. "ನಾನಪ್ಪ. ಪುಸ್ತಕದಲ್ಲಿ ಬರೆದಿದ್ದು ನಾನೇ. ಕಿವಿ ಮಂದ ಆಗಿದೆ, ತಪ್ಪು ಬರೆದಿರ್ತೀನಿ. ವಯಸ್ಸಾದೋಳು ಈ ಕೆಲಸ ಒಪ್ಕೋಬಾರ್ದಿತ್ತು" ಎಂದು ಎಲ್ಲರ ಮುಂದೆ ತಲೆ ತಗ್ಗಿಸಿ ನಿಂತಳು.

ಸೇಲಾ ಕಿತ್ತ ತಂತಿಯನ್ನು ಕೈಯಲ್ಲಿ ಹಿಡಿದು ಅಲ್ಲೇ ಇದ್ದಳು. ಬಾಯಿ ಬಿಡಲಿಲ್ಲ. ಇರಬಹುದು, ದೊಡ್ಡಮ್ಮನೇ ತಪ್ಪಿರಬಹುದು ಎಂದು ಒಳಗೊಳಗೇ ಹಾರೈಸಿದಳು. ಹೌದು, ಹಾರೈಸಿದಳು! ಮೂರು ತಿಂಗಳು ದುಡಿದ ಮುದುಕಿಯ ಕಿವಿ ಕೆಟ್ಟಿರಲಿ ಎಂದು. ಅದನ್ನು ನೆನೆದರೆ ಇವತ್ತಿಗೂ ಅವಳ ಮುಖಕ್ಕೆ ರಕ್ತ ನುಗ್ಗುತ್ತದೆ.

ಜನ ಚದುರಿದ ಮೇಲೆ ಕೋಣೆಗೆ ಹೋಗಿ ನೋಟುಪುಸ್ತಕವನ್ನೂ ಸ್ಪ್ರೆಡ್‌ಶೀಟನ್ನೂ ಪಕ್ಕಪಕ್ಕ ಇಟ್ಟಳು. ಪುಸ್ತಕದಲ್ಲಿ 6.40 ಎಂದು ಸ್ಪಷ್ಟವಾಗಿತ್ತು. ಪರದೆಯ ಮೇಲೆ 6.4 ಎಂದಿತ್ತು.

ಸ್ಪ್ರೆಡ್‌ಶೀಟಿಗೆ ಅದು ಹೊತ್ತಲ್ಲ, ಬರೀ ಸಂಖ್ಯೆ. ಚುಕ್ಕೆಯಾಚೆ ಕೊನೆಯಲ್ಲಿರುವ ಸೊನ್ನೆಗೆ ಬೆಲೆಯಿಲ್ಲವೆಂದು ಉದುರಿಸಿಬಿಟ್ಟಿತ್ತು. ಚುಕ್ಕೆಯ ಜಾಗದಲ್ಲಿ ಎರಡು ಚುಕ್ಕೆ ಬಂದಾಗ ಅದು ಆರು ನಿಮಿಷ ನಾಲ್ಕು ಸೆಕೆಂಡಾಯಿತು. ನಲವತ್ತಕ್ಕೂ ನಾಲ್ಕಕ್ಕೂ ನಡುವೆ ಮೂವತ್ತಾರು ಸೆಕೆಂಡು. ಹಾಡು ಅರ್ಧಕ್ಕೆ ನಿಂತದ್ದೂ ಅದಕ್ಕೇ, ಅದರ ಕೊನೆಯ ಸೊನ್ನೆ ಉದುರಿತ್ತು. ಗೊಣಗಿದ ಎರಡು ಸಾಲುಗಳು ಸರಿಯಾಗಿ ನಿಮಿಷಕ್ಕೇ ಮುಗಿಯುವಂಥವು, 9.00 ಎಂದಿದ್ದದ್ದು ಬರೀ 9 ಆಗಿ, ತಂತ್ರಾಂಶ ಅದನ್ನು ಒಂಬತ್ತು ಸೆಕೆಂಡೆಂದು ತಿಳಿದಿತ್ತು. ಸೊನ್ನೆಗೆ ಮುಗಿಯದ ಸಾಲುಗಳೆಲ್ಲ ಸರಿಯಾಗಿದ್ದವು. ಅವಳು ನೋಡಿದ ಮೊದಲ ಐದರಲ್ಲಿ ಸೊನ್ನೆಗೆ ಮುಗಿಯುವುದು ಒಂದೂ ಇರಲಿಲ್ಲ. ಪುಲು ಅಜ್ಜನದ್ದು ಇಪ್ಪತ್ತಮೂರನೆಯದು.

ದೊಡ್ಡಮ್ಮನ ಕಿವಿ ಚೆನ್ನಾಗಿಯೇ ಇತ್ತು.

ಸೇಲಾ ಪುಲು ಅಜ್ಜನ ಮನೆಗೆ ಓಡಿದಳು. ಅಲ್ಲಿ ಲುಪೆ ಆಗಲೇ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ತಾನೇ ಹೆಣೆದ ಬುಟ್ಟಿ, ಅದರಲ್ಲಿ ಹಬ್ಬದ ಊಟ.

"ಕಿವಿ ಕೇಳದಿದ್ರೆ ಮನೇಲಿ ಬಿದ್ದಿರ್ಬೇಕಿತ್ತು ಲುಪೆ," ಅಜ್ಜ ಅನ್ನುತ್ತಿದ್ದ. "ಚಿಕ್ಕಂದಿನಿಂದ ನಿನ್ನನ್ನ ಕಂಡಿದೀನಿ. ನಿನ್ನಿಂದ ಹೀಗಾಗುತ್ತೆ ಅಂದ್ಕೊಂಡಿರ್ಲಿಲ್ಲ."

"ತಪ್ಪಾಯ್ತು ಅಣ್ಣ."

"ದೊಡ್ಡಮ್ಮ ಏನೂ ಮಾಡಿಲ್ಲ!" ಸೇಲಾ ಬೇಲಿಯ ಹತ್ತಿರದಿಂದಲೇ ಕೂಗಿಬಿಟ್ಟಳು. "ಅವಳು ಸರಿಯಾಗೇ ಬರೆದಿದಾಳೆ. ಕಂಪ್ಯೂಟರಿಗೆ ಹಾಕೋವಾಗ ತಪ್ಪಿದ್ದು ನಾನು. ಎಲ್ಲಾ ಕೇಳ್ದೆ ಅಂದಿದ್ದು ಸುಳ್ಳು. ಐದೇ ಐದು ಕೇಳಿದ್ದೆ."

ಲುಪೆ ಕನ್ನಡಕ ತೆಗೆದು ಒರೆಸಿದಳು. ಒರೆಸುತ್ತಲೇ ಇದ್ದಳು. ಬೈದಿದ್ದರೆ ಚೆನ್ನಾಗಿತ್ತು.

"ಐದಾ?" ಎಂದಳು ಕೊನೆಗೆ. ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದು, ಸೇಲಾಳ ಮುಖ ನೋಡದೆ ದಾಟಿ ಹೋದಳು.

ಸೇಲಾ ಬೇಲಿ ದಾಟಿ ಬಂದು ನೆಲದ ಮೇಲೆ ಕೂತಳು.

"ಅಜ್ಜ, ಬೈಯಿ. ಹೊಡಿ ಬೇಕಾದ್ರೆ."

"ಹೊಡೆದು ಏನು ಮಾಡ್ಲೇ? ನಲವತ್ತು ವರ್ಷ ಫೀಲಿಗೆ ಹೇಳ್ಬೇಕು ಹೇಳ್ಬೇಕು ಅಂತ ಬಾಯಿವರೆಗೂ ತಂದ್ಕೊಂಡಿದ್ದೆ. ನನಗೆ ಧೈರ್ಯ ಬರ್ಲಿಲ್ಲ. ಒಂದಿನ ಬರ್ತಿತ್ತೋ ಏನೋ. ಈಗ ಅದೂ ಇಲ್ಲ, ನಿನ್ನ ಯಂತ್ರ ಹೇಳ್ಬಿಡ್ತು." ಅವನು ಸೇಲಾಳ ಕಡೆ ಕೈ ಚಾಚಿದ. "ಸರಿಯಾಗಿ ಏನೇನು ಅಂದಿದ್ದೆ ಅಂತ ನನಗೇ ನೆನಪಿಲ್ಲ. ಫೋನಿನಲ್ಲಿದ್ಯಾ? ಹಾಕು. ಅವಳ ಹತ್ರ ಹೋಗೋ ಮೊದ್ಲು ನಾನೂ ಕೇಳ್ಬೇಕು."

ಫೋನಿನಲ್ಲಿತ್ತು. ಸೇಲಾ ಹಾಕಿದಳು. ಮೂವತ್ತಾರು ಸೆಕೆಂಡು ಎಂದರೆ ಏನೂ ಅಲ್ಲವೆಂದು ನಿಮಗೆ ಅನ್ನಿಸಬಹುದು. ಮುದುಕನೊಬ್ಬ ತನ್ನ ಮಾತನ್ನೇ ಕೇಳುತ್ತ ಅಳುವಾಗ ಎದುರಿಗೆ ಫೋನು ಹಿಡಿದು ಕೂತು ನೋಡಿ. "ಇನ್ನೊಂದ್ಸಲ" ಎಂದ. ಇನ್ನೊಂದು ಸಲ ಹಾಕಿದಳು.

ಆಮೇಲೆ ಎದ್ದು ಮುಖ ತೊಳೆದು, ಇದ್ದುದರಲ್ಲಿ ಒಳ್ಳೆ ಅಂಗಿ ಹಾಕಿಕೊಂಡ. "ನೀನೂ ಬಾ. ನಿನ್ನ ತಪ್ಪನ್ನ ನೀನು ಹೇಳು, ನನ್ನದನ್ನ ನಾನು ಹೇಳ್ತೀನಿ."

ಫೀಲಿಯ ಮನೆ ಚರ್ಚಿನ ಆಚೆ. ದಾರಿಯುದ್ದಕ್ಕೂ ಹಬ್ಬ ಮುಗಿಸಿ ಹೊರಟವರು ಇಬ್ಬರನ್ನೂ ನೋಡಿ ಮಾತು ನಿಲ್ಲಿಸುತ್ತಿದ್ದರು. ಯಾವಾಗಲೂ ಕೂಗಿ ಕರೆಯುವವರೂ ಕರೆಯಲಿಲ್ಲ. ಸೇಲಾ ನೆಲ ನೋಡಿಕೊಂಡೇ ನಡೆದಳು.

ಬಾಗಿಲು ತೆರೆದೇ ಇತ್ತು. ಫೀಲಿ ಚಾಪೆಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಬಾಗಿಲಲ್ಲಿ ಅಜ್ಜನನ್ನು ನೋಡಿದಳು.

"ಒಳಗೆ ಬಾ ಪುಲು," ಎಂದಳು. "ಪೂರ್ತಿ ಹೇಳು. ಮೊದ್ಲಿಂದ."

ಅಜ್ಜ ಒಳಗೆ ಹೋಗಿ ಅವಳೆದುರು ಕುಸಿದು ಕೂತ. ಸೇಲಾ ಹೊಸ್ತಿಲಲ್ಲೇ ನಿಂತು ಬಾಯಿ ತೆರೆದಳು. "ಫೀಲಿ ಅಜ್ಜಿ, ಇದು ನನ್ನಿಂದ..."

"ಗೊತ್ತು." ಫೀಲಿ ಅವಳ ಕಡೆ ತಿರುಗಿದಳು. "ಲುಪೆ ಎದ್ದು ನಿಂತಾಗ ನಾನು ನಿನ್ನ ಮುಖಾನೇ ನೋಡ್ತಿದ್ದೆ ಕಣೇ. ನನ್ನ ಗಂಡ ಯಾಕೆ ಸತ್ತ ಅನ್ನೋದು ಕಿವಿಗೆ ಬಿದ್ದು ಎರಡು ನಿಮಿಷ ಆಗಿರ್ಲಿಲ್ಲ. ಆದ್ರೂ ನನಗೆ ಕಾಣಿಸ್ತು, ನೀನು ಸುಮ್ನೆ ನಿಂತಿದ್ದು."

ಸೇಲಾ ಹೊಸ್ತಿಲಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ನ ಹತ್ರ ಆಮೇಲೆ ಬಾ," ಎಂದಳು ಫೀಲಿ. "ಮೊದ್ಲು ಊರೋರನ್ನೆಲ್ಲ ಕೂಡಿಸಿ, ಆ ಮುದುಕಿಯ ಕಿವಿ ಸರಿಯಾಗಿದೆ ಅಂತ ಹೇಳಿ ಬಾ."