ಒಂದೇ ಚಮಚ

ಪದ್ಮಾಕ್ಷಿಗೆ ಆ ದಿನ ಬೆಳಿಗ್ಗೆಯೇ ಸಾಕುಸಾಕಾಗಿತ್ತು. ಕುಂದಾಪುರದ ಆ ಆಸ್ಪತ್ರೆಯಲ್ಲಿ ಡಯಟೀಷಿಯನ್ ಎಂದರೆ ಎಲ್ಲರ ಬೈಗುಳಕ್ಕೂ ಒಬ್ಬಳೇ. ಸಾರಿಗೆ ಉಪ್ಪಿಲ್ಲ ಎಂದರೂ ಅವಳೇ, ಚಹಾಕ್ಕೆ ಸಕ್ಕರೆ ಇಲ್ಲ ಎಂದರೂ ಅವಳೇ. ಅದರ ಮೇಲೆ ಈಗ ನಾಗ.

ನಾಗ ಮರವಂತೆಯ ಮೀನುಗಾರ. ಪಾರ್ಶ್ವವಾಯು ಬಡಿದು ಬಲಗೈ ಹೋಯಿತು, ಮಾತು ಹೋಯಿತು, ನುಂಗುವ ಶಕ್ತಿಯೂ ಅರ್ಧ ಹೋಯಿತು. ನೀರು ಕುಡಿದರೆ ಹೊಟ್ಟೆಗೆ ಇಳಿಯುವ ಬದಲು ಶ್ವಾಸನಾಳಕ್ಕೆ ನುಗ್ಗುತ್ತಿತ್ತು. ಅದಕ್ಕೇ ಅವನಿಗೆ ಕಾರ್ನ್‌ಫ್ಲೋರ್ ಹಾಕಿ ಕುದಿಸಿ ಜೇನಿನಷ್ಟು ಮಂದ ಮಾಡಿದ ನೀರು; ಊಟಕ್ಕೆ ಅನ್ನ, ಮುಳ್ಳು ತೆಗೆದ ಮೀನು ಎಲ್ಲ ಒಟ್ಟಿಗೆ ನುಣ್ಣಗೆ ಅರೆದದ್ದು. ಅಷ್ಟು ಮಾಡಿದರೂ ಊಟದಲ್ಲಿ ಕೆಮ್ಮು ಬರುತ್ತಿತ್ತು. ನಿನ್ನೆ ಜ್ವರವೂ ಬಂತು.

“ಇವತ್ತು ಮಧ್ಯಾಹ್ನವೂ ಕೆಮ್ಮಿದರೆ ಸಂಜೆ ಮೂಗಿಗೆ ಟ್ಯೂಬ್ ಹಾಕುವುದೇ” ಎಂದಿದ್ದರು ಡಾಕ್ಟರು. ಮೊದಲು ಹಾಕಿದ್ದನ್ನು ನಾಗ ಕಿತ್ತು ಎಸೆದಿದ್ದ. ಈ ಸಲ ಕೈ ಕಟ್ಟಬೇಕಾದೀತು. ಬಾಗಿ ಎಂಬ ಅವನ ಹೆಂಡತಿ ಅದನ್ನು ಕೇಳಿದಾಗಿನಿಂದ ಪದ್ಮಾಕ್ಷಿಯನ್ನು ಕಂಡಲ್ಲಿ ಕೈ ಮುಗಿಯುತ್ತಿದ್ದಳು. ಕೈ ಮುಗಿದರೆ ಶ್ವಾಸನಾಳ ಕೇಳುತ್ತದೆಯೇ!

ಪದ್ಮಾಕ್ಷಿ ಮೊದಲು ಅಡುಗೆಮನೆಗೆ ನುಗ್ಗಿ ಅಡುಗೆಯವಳು ಸರಸಳ ಮೇಲೆ ಹರಿಹಾಯ್ದಳು. “ತೆಳ್ಳಗೆ ಮಾಡಿ ಕಳಿಸ್ತಿದ್ದೀಯಾ?”

“ದೇವ್ರಾಣೆ ಇಲ್ಲೆ ಮೇಡಂ, ಕಾಣಿ” ಎಂದು ಅವಳು ಚಮಚ ಓರೆ ಮಾಡಿದಳು. ಅರೆದ ಊಟ ಒಂದೇ ಮುದ್ದೆಯಾಗಿ ಕೆಳಗೆ ಬಿತ್ತು. ಸರಿಯಾಗಿಯೇ ಇತ್ತು. ಹಾಗಾದರೆ ಕೆಮ್ಮು ಎಲ್ಲಿಂದ?

ಸರಿ, ಇವತ್ತು ಊಟ ಮುಗಿಯುವ ತನಕ ಕೂರುವುದೇ ಎಂದು ಬಟ್ಟಲು ಹಿಡಿದು ಅವಳೇ ವಾರ್ಡಿಗೆ ಹೋದಳು. ನಾಗನನ್ನು ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಎದೆಯ ಕಡೆ ಬಾಗಿಸಿದ್ದಾಯಿತು. ಉಣಿಸುವವಳು ಹೆಂಡತಿಯೇ; ಅವಳು ಅವನಿಗೊಂದು ಚಮಚ ಕೊಟ್ಟಳು. ಅವನು ನುಂಗುವವರೆಗೂ ಕಾದಳು. ಆಮೇಲೆ ಅದೇ ಚಮಚದಲ್ಲಿ ತಾನೊಂದು ತುತ್ತು ತಿಂದಳು! ಮತ್ತೆ ಅವನಿಗೆ, ಮತ್ತೆ ತನಗೆ. ಮೊದಲರ್ಧ ಒಂದು ಕೆಮ್ಮೂ ಇಲ್ಲ. ಊಟವೋ ಆಮೆನಡೆ. ಬಟ್ಟಲು ತಳ ಕಾಣುವ ಹೊತ್ತಿಗೆ ಗಂಟಲು ಗುಳುಗುಳು ಎಂದು, ಕೆಮ್ಮು ಶುರುವಾಯಿತು.

ಪದ್ಮಾಕ್ಷಿ ಬಟ್ಟಲು ಕಸಿದುಕೊಂಡು ಚಮಚ ಓರೆ ಮಾಡಿದಳು. ಸಾರಿನ ಹಾಗೆ ಹರಿಯಿತು.

“ಬಾಗಕ್ಕ, ಎಂಜಲು ಇದರಲ್ಲಿ ಸೇರಬಾರದು!”

ಬಾಗಿಯ ಮುಖ ಕಪ್ಪಿಟ್ಟಿತು. “ನೀವ್ ಕೋಟದ ಬದಿ ಬ್ರಾಂಬ್ರ್. ನಮ್ ಎಂಜ್ಲ್ ಕಂಡ್ರೆ ಹೇಸಿಗೆ ಆತ್ತ್, ಅಲ್ದಾ?”

ಪದ್ಮಾಕ್ಷಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಎಂಜಲು ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ ಅಜ್ಜಿಯ ಮಡಿಯನ್ನು ಕಂಡರಾಗದೆ ಬೆಳೆದವಳು ಅವಳು. ಬಾಯಿಮಾತಿನ ಸಮಾಧಾನ ಬೇಡ ಎನಿಸಿತು. ಸರಸಳಿಂದ ಇನ್ನಷ್ಟು ಊಟ ತರಿಸಿ ಎರಡು ಬಟ್ಟಲಿಗೆ ಹಾಕಿದಳು. ಒಂದನ್ನು ಮುಟ್ಟಲಿಲ್ಲ. ಇನ್ನೊಂದರಿಂದ ತಾನೇ ತುತ್ತು ತಿಂದು, ನೆಕ್ಕಿದ ಚಮಚವನ್ನು ಮತ್ತೆ ಮತ್ತೆ ಅದರೊಳಗೆ ಅದ್ದಿ ಕಲಸಿ ಇಟ್ಟಳು. ನಾಗನ ಉಸಿರು ಸಮವಾಗುವ ಹೊತ್ತಿಗೆ ಅವಳ ಬಟ್ಟಲು ನೀರಾಗುತ್ತ ಬಂದಿತ್ತು; ಮುಟ್ಟದ್ದು ಮುದ್ದೆಯಾಗಿಯೇ ಇತ್ತು.

“ಕಂಡ್ರಾ? ನನ್ನ ಎಂಜಲೂ ಹಾಗೇ. ಅರೆದ ಅನ್ನವನ್ನಾಗಲಿ, ಹಿಟ್ಟು ಹಾಕಿ ಮಂದ ಮಾಡಿದ ನೀರನ್ನಾಗಲಿ ಎಂಜಲು ಕರಗಿಸಿಬಿಡುತ್ತದೆ. ಇದಕ್ಕೆ ಜಾತಿ ಇಲ್ಲ.”

ಬಾಗಿ ಸೋತುಹೋದವಳಂತೆ ಸ್ಟೂಲಿನ ಮೇಲೆ ಕುಳಿತಳು. “ನಾ ಉಂಡ್ರೇ ಅವ್ರ್ ಬಾಯ್ ಬಿಡುದ್, ಅಮ್ಮ. ಇಲ್ದಿದ್ರೆ ಕಲ್ಲ್ ಕಂಡಂಗೆ ಕೂಕಂತ್ರ್. ಎಂತ ಮಾಡುದ್?”

ಕೆಮ್ಮು ನಿಂತು ಎಷ್ಟೋ ಹೊತ್ತಾದ ಮೇಲೆ ಅವನ ಎಂಜಲೂ ಸೇರದ ಹಾಗೆ ಮುಟ್ಟದ ಬಟ್ಟಲಿನಿಂದ ಒಂದೊಂದೇ ತುತ್ತಿನಷ್ಟು ಬೇರೆ ತಟ್ಟೆಗೆ ತೆಗೆದು ಕೊಟ್ಟರು. ನಾಗ ಬಾಯಿ ಬಿಗಿಹಿಡಿದ. ಬಾಗಿ ಬೇರೆ ಚಮಚ ಹಿಡಿದು, ಪದ್ಮಾಕ್ಷಿ ತರಿಸಿಕೊಟ್ಟ ಬೇರೆ ಬಟ್ಟಲಿನಿಂದ ಆ ಸಪ್ಪೆ ಮುದ್ದೆಯನ್ನು ತಾನು ತಿಂದು, ನಾಲಿಗೆ ಚಾಚಿ ತೋರಿಸಿದಳು. “ಹ್ವಾಯ್, ನಾ ಉಂಡೆ. ಬಾಯ್ ಬಿಡಿ ಕಾಂಬ.” ಅವನು ಅವಳ ಗಂಟಲನ್ನೇ ನೋಡುತ್ತಿದ್ದ. ಅದು ನುಂಗಿದ್ದು ಕಂಡ ಮೇಲೆ ಬಾಯಿ ತೆರೆದ.

ತುತ್ತು ತುತ್ತಾಗಿ ಊಟ ಇಳಿಯಿತು. ಕೆಮ್ಮಿಲ್ಲ. “‘ಆ’ ಅನ್ನಿ” ಎಂದಳು ಪದ್ಮಾಕ್ಷಿ. ಮಾತಿಲ್ಲದಿದ್ದರೂ ಅಷ್ಟು ಸ್ವರ ಹೊರಟಿತು. ಗಂಟಲಲ್ಲಿ ನೀರಿನ ಸದ್ದಿರಲಿಲ್ಲ. ಅವಳಿಗೆ ಅಳು ಬರುವಷ್ಟು ಹಗುರಾಯಿತು. ಸಂಜೆಯ ಟ್ಯೂಬನ್ನು ತಡೆಯಿರಿ ಎಂದು ಡಾಕ್ಟರ ಹತ್ತಿರ ಹಟ ಹಿಡಿಯಲು ಅಷ್ಟು ಸಾಕು.

ಹೊರಡುವಾಗ ಬಾಗಿ ಕೇಳಿದಳು, “ಅವ್ರಿಗೆ ಅನ್ನ ಯಾವಾಗ ಅಮ್ಮ?”

ಸುಳ್ಳು ಹೇಳುವಷ್ಟು ತ್ರಾಣವೂ ಪದ್ಮಾಕ್ಷಿಯಲ್ಲಿ ಉಳಿದಿರಲಿಲ್ಲ. “ಗೊತ್ತಿಲ್ಲ ಬಾಗಕ್ಕ. ಇನ್ನು ಆಗದೆಯೂ ಇರಬಹುದು. ನೀವಾದರೂ ಕ್ಯಾಂಟೀನಿಗೆ ಹೋಗಿ ಅನ್ನ, ಮೀನ್ ಸಾರು ಉಣ್ಣಿ. ಎಷ್ಟು ದಿನ ಅಂತ ಈ ಮುದ್ದೆ ತಿನ್ನುತ್ತೀರಿ?”

ಬಾಗಿ ಗಂಡನ ತುಟಿ ಒರೆಸುತ್ತ ತಲೆ ಎತ್ತದೆ ಹೇಳಿದಳು. “ನಾ ಅನ್ನ ಉಂಡ್ರೆ, ಅವ್ರ್ ಎಂತ ಕಂಡ್ ಇದನ್ ಉಂಬುದ್? ರಾತ್ರಿಗೂ ಎರಡ್ ಬಟ್ಲ್ ಕಳ್ಸಿ.”